ಅಪ್‌ಡೇಟ್: ಆಟಿಕೆಯಂತೆ ಕಾಣುತ್ತಿದ್ದ ಹೋಟೆಲ್ ಲಾಬಿ

ನಾನು ಕೇಳಿದ್ದು: “ಲಾಬಿಯ ಚಾವಣಿ 6 ಮೀಟರ್ ಎತ್ತರವಿದ್ದರೂ ಕಂಪ್ಯೂಟರ್‌ನಲ್ಲಿ ರಚಿಸಿದ ಚಿತ್ರದಲ್ಲಿ, ಅಂದರೆ ರೆಂಡರ್‌ನಲ್ಲಿ, ಅದು ಪುಟ್ಟ ಮಾದರಿಯಂತೆ ಕಾಣುವುದೇಕೆ?”

ತಪ್ಪು ಚಾವಣಿಯಲ್ಲಿರಲಿಲ್ಲ, ಕ್ಯಾಮೆರಾದಲ್ಲಿತ್ತು. ಇಡೀ ಲಾಬಿ ಚಿತ್ರದಲ್ಲಿ ಹಿಡಿಸಲೆಂದು ಅದನ್ನು 3 ಮೀಟರ್ ಎತ್ತರದಲ್ಲಿಟ್ಟು ಕೆಳಕ್ಕೆ ಬಾಗಿಸಿದ್ದೆ. ಹಾಗಾಗಿ ಪುಟ್ಟ ಮಾದರಿಯನ್ನು ಮೇಲಿನಿಂದ ನೋಡಿದಂತೆ ರಿಸೆಪ್ಷನ್ ಡೆಸ್ಕಿನ ಮೇಲ್ಮೈ ಪೂರ್ತಿಯಾಗಿ ಕಾಣುತ್ತಿತ್ತು. ಈಗ ಕ್ಯಾಮೆರಾವನ್ನು 1.6 ಮೀಟರ್‌ಗೆ ಇಳಿಸಿ, ನೇರವಾಗಿಟ್ಟು, ಚಾವಣಿಗಾಗಿ ಕ್ಯಾಮೆರಾ ಬಾಗಿಸದೆ ಚಿತ್ರದ ಚೌಕಟ್ಟನ್ನಷ್ಟೇ ಮೇಲಕ್ಕೆ ಸರಿಸುವ ವರ್ಟಿಕಲ್ ಶಿಫ್ಟ್ ಬಳಸಿದ್ದರಿಂದ ಗೋಡೆಗಳೂ ನೆಟ್ಟಗೆ ನಿಂತಿವೆ. ಪರೀಕ್ಷೆಗೆಂದು ಸಾಮಾನ್ಯ ಎತ್ತರದ ಮಾನವಾಕೃತಿಗಳನ್ನು ಹತ್ತಿರವೊಂದು, ದೂರವೊಂದು ನಿಲ್ಲಿಸಿದೆ. ಎರಡರ ಕಣ್ಣುಗಳೂ ದಿಗಂತರೇಖೆಯ ಆಸುಪಾಸಿನಲ್ಲೇ ಬಂದವು, ಆದರೆ ಡೆಸ್ಕ್ ಎದೆಯವರೆಗೆ ಬಂದಿತ್ತು. ಅಳೆದರೆ 1.4 ಮೀಟರ್! ಅತಿಥಿಯ ಕಡೆಯ ಅಂಚನ್ನು 1.1 ಮೀಟರ್‌ಗೂ, ಸಿಬ್ಬಂದಿ ಕುಳಿತು ಕೆಲಸ ಮಾಡುವ ಹಲಗೆಯನ್ನು 75 ಸೆಂಟಿಮೀಟರ್‌ಗೂ ತಂದೆ.

ಬೆಳಕಿನ ವಿಷಯದಲ್ಲಿ, ಎಲ್ಲ ದೀಪಗಳನ್ನೂ ಆರಿಸಿ ಒಂದೊಂದು ಪದರವನ್ನೇ ಹಚ್ಚಿ ನೋಡಿದೆ. ಕಣ್ಸೆಳೆಯಲೆಂದೇ ಮಾಡಿದ ಫೀಚರ್ ವಾಲ್‌ನಿಂದ 1 ಮೀಟರ್ ದೂರವಿದ್ದ ದೀಪಗಳನ್ನು ಗೋಡೆಯಿಂದ 20 ಸೆಂಟಿಮೀಟರ್ ದೂರಕ್ಕೆ ತಂದಾಗ ಒರಟು ಕಲ್ಲಿನ ಪ್ರತಿಯೊಂದು ಉಬ್ಬೂ ತನ್ನ ಕೆಳಗೆ ಸಣ್ಣ ನೆರಳು ಚೆಲ್ಲಿತು. ಚಾವಣಿಯ ಅಂಚಿನಲ್ಲಿ ಮರೆಮಾಡಿದ ದೀಪಗಳ ಕೋವ್ ಬೆಳಕನ್ನು ಗೋಡೆ ಮತ್ತು ಡೆಸ್ಕಿಗಿಂತ ಮಂದವಾಗಿಸಿದ ಮೇಲೆಯೇ ನನಗೆ ಆ ಎತ್ತರದ ಅನುಭವವಾಯಿತು.