ಎಸ್‌ಐಪಿ ಲೆಕ್ಕ: ನನ್ನ ಶೀಟ್‌ನಲ್ಲಿ ಶೇ. 7.24, ಆ್ಯಪ್‌ನಲ್ಲಿ ಶೇ. 10.9

ಪ್ರಶ್ನೆ (ರಾಘು): ಮ್ಯೂಚುವಲ್ ಫಂಡ್‌ನಲ್ಲಿ ಎಸ್‌ಐಪಿ ಅಂತ ಶುರು ಮಾಡಿದ್ದು, ಆದರೆ ಕಂತು ಸರಿಯಾಗಿ ಕಟ್ಟೋಕೆ ಆಗಲಿಲ್ಲ. ಅಡಿಕೆ ದುಡ್ಡು ಬಂದಾಗ ಹಾಕಿದ್ದೇನೆ. ಒಟ್ಟು 40,000 ಹೋಗಿದೆ, 5 ಜನವರಿ 2025ಕ್ಕೆ 46,000 ಆಗಿತ್ತು. ಎರಡು ವರ್ಷಕ್ಕೆ ಶೇ. 15, ಅಂದರೆ ವರ್ಷಕ್ಕೆ 7.24 ಅಂತ ಎಕ್ಸೆಲ್‌ನಲ್ಲಿ ಬಂತು. ಆ್ಯಪ್ 10.9 ಅನ್ನುತ್ತದೆ. ಯಾವುದು ಸರಿ? ಹಾಕಿದ್ದು: 2023 ಜನವರಿ 5ಕ್ಕೆ 10 ಸಾವಿರ, ಜೂನ್ 20ಕ್ಕೆ 10 ಸಾವಿರ, 2024 ಫೆಬ್ರವರಿ 10ಕ್ಕೆ 20 ಸಾವಿರ.

ಪ್ರಕಾಶ್: ಆ್ಯಪ್‌ನವರು ಜಾಸ್ತಿ ತೋರಿಸೋದು ಇದ್ದಿದ್ದೇ. ನಾನು ಸುಮ್ನೆ ಎಕ್ಸೆಲ್‌ನ IRR ಸೂತ್ರ ಹಾಕಿ, ಬಂದ ತಿಂಗಳ ದರವನ್ನು 12ರಿಂದ ಗುಣಿಸಿಬಿಡುತ್ತೇನೆ. ಒಂದೆರಡು ದಿನ ಆಚೀಚೆ ಆದರೆ ಏನೂ ಆಗಲ್ಲ.

ಗಿರಿಜಾ: ಮಾರುಕಟ್ಟೆ ಬಿದ್ದಾಗ ಎಸ್‌ಐಪಿ ನಿಲ್ಲಿಸಬೇಡಿ ಸರ್. ಯಾವ ಫಂಡ್ ಇದು? ಲಾರ್ಜ್ ಕ್ಯಾಪ್ ಆದರೆ ಇಟ್ಟುಕೊಳ್ಳಿ.

ವಿನುತಾ (ಲೆಕ್ಕಪತ್ರದ ಕೆಲಸ): ಗಿರಿಜಾ ಅವರೇ, ಅವರು ಇಡಲಾ ತೆಗೆಯಲಾ ಅಂತ ಕೇಳಿಲ್ಲ, ಲೆಕ್ಕ ಕೇಳಿದ್ದಾರೆ. 😊

ರಾಘು ಸರ್, ಆ್ಯಪ್ ಸರಿ. 40,000 ಪೂರ್ತಿ ಎರಡು ವರ್ಷ ಕೂತಿದ್ದರೆ ಮಾತ್ರ 7.24 ಸರಿಯಾಗುತ್ತಿತ್ತು. ಮೊದಲ 10 ಸಾವಿರ 731 ದಿನ ಇತ್ತು, ಎರಡನೆಯದು 565 ದಿನ. ಅರ್ಧ ದುಡ್ಡು, ಅಂದರೆ 20 ಸಾವಿರ, ಇದ್ದದ್ದು 330 ದಿನ ಅಷ್ಟೇ. ಒಂದು ವರ್ಷವೂ ತುಂಬಿಲ್ಲ. ಸರಾಸರಿ ತೆಗೆದರೆ ನಿಮ್ಮ ಒಂದೊಂದು ರೂಪಾಯಿ ಅಲ್ಲಿದ್ದದ್ದು 489 ದಿನ, ಸುಮಾರು 1.34 ವರ್ಷ. ಅಷ್ಟರಲ್ಲಿ ಶೇ. 15 ಬಂದಿದೆ. 15ನ್ನು 1.34ರಿಂದ ಭಾಗಿಸಿದರೆ 11ರ ಹತ್ತಿರ ಬರುತ್ತೆ ಅಲ್ವಾ? ಎಕ್ಸೆಲ್‌ನ XIRR ಸೂತ್ರ ಇದನ್ನೇ ಚಕ್ರಬಡ್ಡಿ ಸೇರಿಸಿ, ದಿನದ ಲೆಕ್ಕದಲ್ಲಿ ಮಾಡುತ್ತೆ. ಶೀಟ್‌ನಲ್ಲಿ ಹೀಗೆ ಹಾಕಿ:

```
A             B
05-01-2023    -10000
20-06-2023    -10000
10-02-2024    -20000
05-01-2025     46000

=XIRR(B2:B5, A2:A5)
```

ಮೊದಲ ಸಾಲು ತಲೆಬರಹ, ಲೆಕ್ಕ ಎರಡನೇ ಸಾಲಿಂದ. ಜೇಬಿನಿಂದ ಹೋದದ್ದು ಮೈನಸ್, ಬಂದದ್ದು ಪ್ಲಸ್. ಕೊನೇ ಸಾಲು ನೀವು ನಿಜವಾಗಿ ಮಾರಿದ್ದಲ್ಲ. ಆವತ್ತು ಎಲ್ಲಾ ಮಾರಿದ್ದರೆ ಎಷ್ಟು ಬರುತ್ತಿತ್ತು ಅನ್ನೋದು. ಉತ್ತರ 0.109 ಅಂತ ಬಂದರೆ ಸೆಲ್ಲನ್ನು ಶೇಕಡಾಕ್ಕೆ ಬದಲಿಸಿಕೊಳ್ಳಿ.

ನಂಬಿಕೆ ಬರದಿದ್ದರೆ ತಾಳೆ ನೋಡಬಹುದು. XIRR ಉತ್ತರವನ್ನು D1ರಲ್ಲಿ ಇಟ್ಟು, C2ರಲ್ಲಿ ಇದನ್ನು ಬರೆದು C4ರವರೆಗೆ ಎಳೆಯಿರಿ:

```
=-B2*(1+$D$1)^(($A$5-A2)/365)
```

ಮೂರು ಕಂತು ಬೆಳೆದು ಎಷ್ಟಾಯಿತು ಅಂತ ಕಾಣುತ್ತೆ: ಸುಮಾರು 12,302, 11,737 ಮತ್ತು 21,961. ಕೂಡಿದರೆ 46,000. ಎಲ್ಲಾ ಕಂತಿಗೂ ಒಂದೇ ದರ ಕೊಟ್ಟು, ಕೊನೇ ಮೊತ್ತಕ್ಕೆ ತಾಳೆಯಾಗೋ ಆ ದರವನ್ನು ಹುಡುಕೋದೇ XIRR ಕೆಲಸ. ಹಾಗಂತ ಫಂಡ್ ಪ್ರತಿ ವರ್ಷ 10.9 ಕೊಟ್ಟಿತು ಅಂತ ಅರ್ಥ ಅಲ್ಲ.

ಪ್ರಕಾಶ್ ಅವರು ಹೇಳಿದ್ದರಲ್ಲಿ ಅರ್ಧ ಸರಿ. ಪ್ರತಿ ತಿಂಗಳು ತಪ್ಪದೆ ಕಟ್ಟುವವರಿಗೆ, 5ನೇ ತಾರೀಖು ರಜೆ ಬಂದು 6 ಅಥವಾ 7 ಆದರೆ ಉತ್ತರ ಅಲುಗಾಡಲ್ಲ. ಆದರೆ IRRಗೆ ತಾರೀಖು ಗೊತ್ತೇ ಇಲ್ಲ. ಒಂದು ಸಾಲಿಂದ ಇನ್ನೊಂದಕ್ಕೆ ಒಂದೇ ಅಂತರ ಅಂತ ಅದು ತಿಳಿಯುತ್ತೆ. ಇಲ್ಲಿ ಅಂತರ 166, 235, 330 ದಿನ. ಇನ್ನು 12ರಿಂದ ಗುಣಿಸಿದರೆ ಚಕ್ರಬಡ್ಡಿ ಬಿಟ್ಟುಹೋಗುತ್ತೆ. ತಿಂಗಳಿಗೆ ಶೇ. 1 ಅಂದರೆ ವರ್ಷಕ್ಕೆ 12.68, ಬರೀ 12 ಅಲ್ಲ.

ರಾಘು: ಥ್ಯಾಂಕ್ಸ್ ಮೇಡಂ. ಮೊದಲು #NUM! ಅಂತ ಬಂತು, ಮೈನಸ್ ಹಾಕಿದ ಮೇಲೆ ಹೋಯಿತು. ಈಗ #VALUE! ಅಂತಿದೆ. ತಾರೀಖು ಎಲ್ಲಾ ಸರಿಯಾಗೇ ಕಾಣುತ್ತೆ.

ವಿನುತಾ: ತಾರೀಖಿನ ಕಾಲಂ ಹತ್ತಿರದಿಂದ ನೋಡಿ. 20-06-2023 ಎಡಕ್ಕೆ ಅಂಟಿಕೊಂಡು, ಉಳಿದವು ಬಲಕ್ಕೆ ಇವೆಯಾ?

ರಾಘು: ಹೌದು! ಅದೊಂದೇ ಎಡಕ್ಕೆ.

ವಿನುತಾ: ಹಾಗಾದರೆ ನಿಮ್ಮ ಕಂಪ್ಯೂಟರ್ ಅಮೆರಿಕದ ರೀತಿಯಲ್ಲಿ ಓದುತ್ತಿದೆ, ಮೊದಲು ತಿಂಗಳು ಆಮೇಲೆ ದಿನ. 20ನೇ ತಿಂಗಳು ಇಲ್ಲದ್ದರಿಂದ ಅದನ್ನು ಬರೀ ಅಕ್ಷರ ಅಂತ ಬಿಟ್ಟಿದೆ. ಅದು ಸಿಕ್ಕಿಬಿತ್ತು. ಸದ್ದಿಲ್ಲದೆ ಕೆಟ್ಟಿರೋದು ಉಳಿದವು: 05-01-2023 ಈಗ ಮೇ 1 ಆಗಿದೆ, 10-02-2024 ಅಕ್ಟೋಬರ್ 2 ಆಗಿದೆ. ಅಕಸ್ಮಾತ್ ಎಲ್ಲಾ ಕಂತೂ 12ನೇ ತಾರೀಖಿನ ಒಳಗೇ ಇದ್ದಿದ್ದರೆ ಎರರ್ ಕೂಡ ಬರುತ್ತಿರಲಿಲ್ಲ, ತಪ್ಪು ಶೇಕಡಾ ನೆಮ್ಮದಿಯಾಗಿ ಬಂದು ಕೂರುತ್ತಿತ್ತು. ಅದಕ್ಕೇ ಆ ಒಂದನ್ನು ಮಾತ್ರ ತಿದ್ದಬೇಡಿ. ಕಾಲಂ ಖಾಲಿ ಮಾಡಿ, Text ಫಾರ್ಮ್ಯಾಟ್ ಕೊಟ್ಟು, ತಾರೀಖುಗಳನ್ನು ಮತ್ತೆ ಹಾಕಿ. ಆಮೇಲೆ Data → Text to Columns, ಕೊನೇ ಹೆಜ್ಜೆಯಲ್ಲಿ Date: DMY ಆರಿಸಿ.

ರಾಘು: 10.9 ಬಂತು! ಇನ್ನೊಂದು. ಸ್ಟೇಟ್‌ಮೆಂಟ್‌ನಲ್ಲಿ 10,000 ಬದಲು 9,999.50 ಅಂತಿದೆ. ಯಾವುದು ಬರೆಯಲಿ?

ವಿನುತಾ: 10,000. ಆ ಐವತ್ತು ಪೈಸೆ ಸ್ಟ್ಯಾಂಪ್ ಡ್ಯೂಟಿ, ಶೇ. 0.005. 2020ರ ಜುಲೈ 1ರಿಂದ ಇದೆ. ನಿಮ್ಮ ಜೇಬಿನಿಂದ ಹೋದದ್ದು ಪೂರ್ತಿ ಹತ್ತು ಸಾವಿರ ತಾನೆ. ಉತ್ತರದಲ್ಲಿ ವ್ಯತ್ಯಾಸ ಕಾಣೋದಿಲ್ಲ ಬಿಡಿ. ಅದಕ್ಕಿಂತ ಕೊನೇ ಸಾಲಿನ ಕಡೆ ಗಮನ ಕೊಡಿ. ಅಲ್ಲಿ ತಾರೀಖಿಗೆ TODAY() ಹಾಕಿ, ಎನ್‌ಎವಿ, ಅಂದರೆ ಫಂಡ್‌ನ ಒಂದು ಯೂನಿಟ್ಟಿನ ಬೆಲೆ, ಮಾತ್ರ ಹೋದ ತಿಂಗಳದ್ದು ಬಿಟ್ಟರೆ XIRR ದಿನದಿಂದ ದಿನಕ್ಕೆ ತಾನೇ ಇಳಿಯುತ್ತೆ. ಎನ್‌ಎವಿ ಯಾವ ದಿನದ್ದೋ ಅದೇ ತಾರೀಖು ಬರೆಯಿರಿ.

ಶಬಾನಾ: ನನ್ನದು ಶೇ. 37 ತೋರಿಸುತ್ತಿದೆ! ಒಂದೂವರೆ ತಿಂಗಳ ಹಿಂದೆ 10,000 ಹಾಕಿದ್ದು, ಈಗ 10,400. ಇನ್ನೂ ಹಾಕಲಾ?

ವಿನುತಾ: ಶಬಾನಾ ಅವರೇ, ನಿಮಗೆ ಬಂದಿರೋದು ಶೇ. 4. ಇದೇ ವೇಗ ವರ್ಷಪೂರ್ತಿ ಇದ್ದರೆ 37 ಚಿಲ್ಲರೆ ಅಂತ XIRR ಹಿಗ್ಗಿಸಿ ಹೇಳುತ್ತಿದೆ ಅಷ್ಟೇ. ವರ್ಷ ತುಂಬುವ ತನಕ ಆ ಅಂಕಿ ನೋಡಲೇಬೇಡಿ. ಇದೇ ಫಂಡ್ ಶೇ. 4 ಬಿದ್ದರೂ ಮೈನಸ್ಸಲ್ಲಿ ಹೀಗೇ ಹೆದರಿಸುತ್ತೆ. ನಷ್ಟದಲ್ಲಿದ್ದಾಗ ಎಕ್ಸೆಲ್ ಕೆಲವು ಸಲ ಸೊನ್ನೆಯ ಹತ್ತಿರದ ವಿಚಿತ್ರ ಸಂಖ್ಯೆಯನ್ನೂ ಕೊಡುತ್ತೆ. ಆಗ ಕೊನೆಯಲ್ಲಿ ಒಂದು ಅಂದಾಜು ಸೇರಿಸಿ: `=XIRR(B2:B5, A2:A5, -0.1)`

ಮಂಜುನಾಥ್: ಒಂದು ಫಂಡ್‌ನಿಂದ ಇನ್ನೊಂದಕ್ಕೆ ಸ್ವಿಚ್ ಮಾಡಿದ್ದೇನೆ. ಅದನ್ನು ಹೇಗೆ ಬರೆಯೋದು?

ವಿನುತಾ: ಫಂಡ್‌ವಾರು ನೋಡೋದಾದರೆ ಹಳೇದರಲ್ಲಿ ಪ್ಲಸ್, ಹೊಸದರಲ್ಲಿ ಮೈನಸ್. ಎರಡೂ ಸೇರಿಸಿ ಒಂದೇ XIRR ಬೇಕಾದರೆ ಅವು ಒಂದಕ್ಕೊಂದು ಹೊಡೆದುಹೋಗುತ್ತವೆ, ಬಿಟ್ಟುಬಿಡಿ. ಎರಡು ಫಂಡ್‌ಗಳ XIRR ತೆಗೆದು ಸರಾಸರಿ ಮಾತ್ರ ಮಾಡಬೇಡಿ. ಎಲ್ಲಾ ಸಾಲುಗಳನ್ನು ಒಂದೇ ಪಟ್ಟಿಗೆ ತಂದು ಹೊಸದಾಗಿ ತೆಗೆಯಿರಿ.

ಪ್ರಕಾಶ್: IRR ವಿಷಯ ಒಪ್ಪಿದೆ. ಆದರೆ ಕಂತು ತಪ್ಪಿದಾಗ ಬ್ಯಾಂಕ್ ದಂಡ ಹಾಕುತ್ತಲ್ಲ, ಅದನ್ನೂ ಮೈನಸ್ ಸಾಲಾಗಿ ಬರೆಯಬೇಕು ತಾನೆ? ಜೇಬಿನಿಂದಲೇ ಹೋಗಿದ್ದು.

ವಿನುತಾ: ನಾನು ಬರೆಯಲ್ಲ. ಅದು ಫಂಡ್‌ನ ಗಳಿಕೆಯಲ್ಲ, ನಮ್ಮ ಖಾತೆಯ ತಾಪತ್ರಯ. ಅದನ್ನು ಸೇರಿಸಿದರೆ ಆ್ಯಪ್ ಜೊತೆ ತಾಳೆಯಾಗಲ್ಲ.

ಪ್ರಕಾಶ್: ನಾನು ಬರೆಯುತ್ತೇನೆ. ಆ್ಯಪ್ ಜೊತೆ ತಾಳೆ ಯಾರಿಗೆ ಬೇಕು, ನನಗೆ ಉಳಿದಿದ್ದೆಷ್ಟು ಅಂತ ಗೊತ್ತಾಗಬೇಕು.

ರಾಘು: ನನಗೂ ಎರಡು ಸಲ ದಂಡ ಬಿದ್ದಿದೆ. ಸದ್ಯಕ್ಕೆ ಬೇರೆ ಕಾಲಂನಲ್ಲಿ ಇಟ್ಟುಕೊಳ್ಳುತ್ತೇನೆ.