ಪದಚರ್ಚೆ: ‘ಕಠಿಣತಾ ಸೂಚ್ಯಂಕ’ 0.85 ಇದ್ದರೆ ಪ್ರಶ್ನೆ ಕಷ್ಟವೋ ಸುಲಭವೋ?

ಪ್ರಶ್ನೆ (ಅನುವಾದಕಿ): ಶಿಕ್ಷಕರ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬಹು ಆಯ್ಕೆ ಪ್ರಶ್ನೆಗಳ ವಿಶ್ಲೇಷಣೆಯಲ್ಲಿ ‘ಕಠಿಣತಾ ಸೂಚ್ಯಂಕ 0.85, ಆದ್ದರಿಂದ ಪ್ರಶ್ನೆ ಸುಲಭ’ ಎಂದಿದೆ. ಓದುವವರು ತಲೆ ಕೆರೆದುಕೊಳ್ಳುವುದಿಲ್ಲವೇ? ಜೊತೆಗೆ, ಹೆಚ್ಚು ಅಂಕ ಪಡೆದವರನ್ನೂ ಕಡಿಮೆ ಪಡೆದವರನ್ನೂ ಒಂದು ಪ್ರಶ್ನೆ ಎಷ್ಟರಮಟ್ಟಿಗೆ ಬೇರ್ಪಡಿಸುತ್ತದೆ ಎಂದು ತೋರಿಸುವ ಡಿಸ್ಕ್ರಿಮಿನೇಶನ್ ಇಂಡೆಕ್ಸ್‌ಗೆ ‘ತಾರತಮ್ಯ ಸೂಚ್ಯಂಕ’ ಎನ್ನಬಹುದೇ?

ಒಬ್ಬರು: ಅದು ಸರಿಯುತ್ತರ ಕೊಟ್ಟವರ ಪ್ರಮಾಣ, 100ರಲ್ಲಿ 85 ಮಂದಿ. ‘ಸುಲಭತಾ ಸೂಚ್ಯಂಕ’ ಎಂದುಬಿಡಿ, ಗೊಂದಲ ತೀರಿತು. ಡಿಸ್ಕ್ರಿಮಿನೇಶನ್ ಇಂಡೆಕ್ಸ್ 0.20ಕ್ಕಿಂತ ಕಡಿಮೆ ಬಂದರೆ ಆ ಪ್ರಶ್ನೆಯನ್ನು ಕಿತ್ತುಹಾಕುವುದೇ ಸರಿ.

ಪ್ರಶ್ನೆಪತ್ರಿಕೆ ರಚನೆಯಲ್ಲಿ ಪಳಗಿದವರು: ಮೊದಲ ಮಾತು ಒಪ್ಪುತ್ತೇನೆ, ಕಿತ್ತುಹಾಕುವುದನ್ನು ಒಪ್ಪಲಾರೆ. ಆ ಇಂಡೆಕ್ಸ್ ಲೆಕ್ಕ ಹಾಕಲು, 100 ಮಕ್ಕಳಿದ್ದರೆ ಒಟ್ಟು ಅಂಕದ ಪ್ರಕಾರ ಮೇಲಿನ 27, ಕೆಳಗಿನ 27 ಮಂದಿಯನ್ನು ಬೇರೆ ಮಾಡುತ್ತೇವೆ. ಮೇಲಿನವರ ಸರಿಯುತ್ತರಗಳಿಂದ ಕೆಳಗಿನವರದನ್ನು ಕಳೆದು 27ರಿಂದ ಭಾಗಿಸಬೇಕು. ಮೇಲಿನ 27 ಮಂದಿಯೂ, ಕೆಳಗಿನ 22 ಮಂದಿಯೂ ಸರಿ ಬರೆದರೆ ಸಿಗುವುದು 0.19 ಮಾತ್ರ. ಬಹುಪಾಲು ಮಕ್ಕಳಿಗೆ ಗೊತ್ತಿರುವ ಪ್ರಶ್ನೆಯಲ್ಲಿ ಅಂತರಕ್ಕೆ ಜಾಗವೇ ಇರುವುದಿಲ್ಲ. ಎಲ್ಲರಿಗೂ ತಿಳಿದಿರಲೇಬೇಕಾದ ವಿಷಯವಾದರೆ ಅದನ್ನು ಉಳಿಸಿಕೊಳ್ಳಿ.

ಅಂಕಿ ಸೊನ್ನೆಗಿಂತ ಕೆಳಗಿಳಿದರೆ ಮಾತ್ರ ಕೂಡಲೇ ನೋಡಬೇಕು. ‘ಗಾಳಿಯಲ್ಲಿ ಅತಿ ಹೆಚ್ಚು ಇರುವ ಅನಿಲ ಯಾವುದು?’ ಎಂಬುದಕ್ಕೆ ಮೇಲಿನ 6, ಕೆಳಗಿನ 16 ಮಂದಿ ‘ಸರಿ’ ಎಂದಿಟ್ಟುಕೊಳ್ಳಿ. ಎರಡೂ ಗುಂಪು ಸೇರಿಸಿದರೆ ಸುಲಭತೆ 0.41. ಅದನ್ನಷ್ಟೇ ನೋಡಿದವರಿಗೆ ಅನುಮಾನವೇ ಬಾರದು. ಅಂತರ ಮಾತ್ರ −0.37. ಯಾವ ಆಯ್ಕೆಗೆ ಎಷ್ಟು ಮಂದಿ ಗುರುತು ಹಾಕಿದ್ದಾರೆಂದು ಎಣಿಸಿದರೆ, ಮೇಲಿನವರಲ್ಲಿ 21 ಮಂದಿ ಸಾರಜನಕ ಎಂದಿದ್ದಾರೆ. ಉತ್ತರಸೂಚಿಯಲ್ಲಿ ಆಮ್ಲಜನಕ ಎಂದು ಅಚ್ಚಾಗಿದೆ! ಇಲ್ಲಿ ಪ್ರಶ್ನೆ ಚೆನ್ನಾಗಿಯೇ ಇದೆ. ಸೂಚಿ ತಿದ್ದಿ, ಎಲ್ಲರ ಒಟ್ಟು ಅಂಕ ಮತ್ತೆ ಕೂಡಿ, ಗುಂಪುಗಳನ್ನೂ ಹೊಸದಾಗಿ ಮಾಡಬೇಕು.

ಪ್ರೌಢಶಾಲಾ ಶಿಕ್ಷಕರು: ನಮ್ಮ ತರಗತಿಯಲ್ಲಿ 30 ಮಕ್ಕಳು. ಶೇಕಡಾ 27 ಎಂದರೆ ಎಂಟೆಂಟು ಜನ. ಅಂದರೆ ‘ಕಠಿಣ’ ಪ್ರಶ್ನೆಗೆ ಸರಿಯುತ್ತರ ಬರೆದ ಎಂಟು ಮಕ್ಕಳನ್ನು ಆರಿಸಬೇಕೇ?

ಪಳಗಿದವರು: ಅಲ್ಲ ಸರ್, ಗುಂಪು ಇಡೀ ಪರೀಕ್ಷೆಯ ಅಂಕದ ಮೇಲೆಯೇ. ಎಂಟರ ಗುಂಪಿನಲ್ಲಿ ಒಬ್ಬ ಮಗು ಊಹಿಸಿ ಗುರುತು ಹಾಕಿದರೂ ಅಂಕಿ 0.125 ಅಲುಗಾಡುತ್ತದೆ. ನಿಮ್ಮಲ್ಲಿ ಹದಿನೈದು ಹದಿನೈದಾಗಿ ಅರ್ಧಕ್ಕೆ ಒಡೆಯಿರಿ. ಆಗಲೂ 0.20ರಂಥ ಗೆರೆಗಳನ್ನು ಬಿಗಿಯಾಗಿ ಹಿಡಿಯಬೇಡಿ.

ಅನುವಾದಕಿ: ‘ಸುಲಭತಾ ಸೂಚ್ಯಂಕ’ ಇಡುತ್ತೇನೆ. ‘ತಾರತಮ್ಯ’?

ಮೊದಲನೆಯವರು: ತರ, ತಮ ಎಂಬ ಏರಿಕೆಯ ಅರ್ಥ ಅದರಲ್ಲೇ ಇದೆ. ಮಾಧ್ವರ ತಾರತಮ್ಯವೂ ಅದೇ. ನನಗೆ ಇಷ್ಟ.

ಪಳಗಿದವರು: ಈಗಿನ ಓದುಗರಿಗೆ ಪಕ್ಷಪಾತವೇ ಮೊದಲು ಹೊಳೆಯುತ್ತದೆ. ‘ಈ ಪ್ರಶ್ನೆ ತಾರತಮ್ಯ ಮಾಡುತ್ತದೆ’ ಎಂದರೆ ಪೋಷಕರು ದೂರು ಕೊಟ್ಟಾರು. ಅದೂ ಅಲ್ಲದೆ, ಒಂದು ಗುಂಪಿನ ಮಕ್ಕಳಿಗೆ ಅನ್ಯಾಯವಾಗುವ ಪ್ರಶ್ನೆಯನ್ನು ಹುಡುಕುವ ಲೆಕ್ಕ ಬೇರೆಯೇ ಇದೆ. ‘ಭೇದಕ ಸೂಚ್ಯಂಕ’ ವಾಸಿ.

ಅನುವಾದಕಿ: ‘ಭೇದಕ’ ಕಿವಿಗೆ ಒರಟು. ಇನ್ನೂ ಯೋಚಿಸುತ್ತಿದ್ದೇನೆ.