ಮೈಸೂರಿನಲ್ಲಿ ಮನೆಪಾಠವೋ, ಗುಂಪು ಟ್ಯೂಷನ್ನೋ: ಒಂಬತ್ತನೇ ಕ್ಲಾಸಿನ ಲೆಕ್ಕ

ಮುಂದಿನ ಜೂನ್‌ಗೆ ಅಮೆರಿಕದಿಂದ ಮೈಸೂರಿಗೆ ವಾಪಸ್ ಬರುತ್ತಿರುವವರು ಟ್ಯೂಷನ್ ಖರ್ಚಿನ ಬಗ್ಗೆ ಕೇಳಿದ್ದೀರಿ. ಮಗ ಸಿಬಿಎಸ್‌ಇ ಒಂಬತ್ತನೇ ಕ್ಲಾಸಿಗೆ ಸೇರುತ್ತಾನೆ ಎಂದಿದ್ದೀರಿ. ನನ್ನ ತಂಗಿಯ ಮಗಳು ನ್ಯೂಜೆರ್ಸಿಯಿಂದ ಬಂದು ಇದೇ ಕ್ಲಾಸಿಗೆ ಸೇರಿದಳು. ಆಗ ನಾವು ಕುವೆಂಪುನಗರ, ಸರಸ್ವತಿಪುರಂ ಕಡೆ ವಿಚಾರಿಸಿದ ದರಗಳನ್ನೇ ಹೇಳುತ್ತೇನೆ. ನೀವು ಬರುವಾಗ ಸ್ವಲ್ಪ ಹೆಚ್ಚುಕಮ್ಮಿ ಆಗಿರಬಹುದು.

ಮನೆಪಾಠದಲ್ಲಿ ಪ್ರೈಮರಿ ಮಕ್ಕಳಿಗೆ ಗಂಟೆಗೆ ಇಷ್ಟು ಎಂದು ಹೇಳಿದವರು ಕಡಿಮೆ. ಎಲ್ಲಾ ವಿಷಯ ಸೇರಿಸಿ ತಿಂಗಳಿಗೆ ಮೂರು ಸಾವಿರದ ಆಸುಪಾಸು ಕೇಳಿದರು. ಒಂಬತ್ತು, ಹತ್ತಕ್ಕೆ ಬಂದ ಮೇಲೆ ಗಂಟೆ ಲೆಕ್ಕ ಶುರು. ಗಣಿತಕ್ಕೆ 500 ರೂಪಾಯಿ, ವಿಜ್ಞಾನಕ್ಕೂ ಅಷ್ಟೇ, ಇಂಗ್ಲಿಷ್, ಸಮಾಜಕ್ಕೆ 300. ಪಿಯುಸಿ ಫಿಸಿಕ್ಸ್, ಗಣಿತಕ್ಕೆ 800ರಿಂದ 1,000. ಗುಂಪು ಟ್ಯೂಷನ್‌ನಲ್ಲಿ ಒಂಬತ್ತನೇ ಕ್ಲಾಸಿನ ಗಣಿತಕ್ಕೆ ತಿಂಗಳಿಗೆ 2,000.

500 ರೂಪಾಯಿ ಅಂದರೆ ಆರು ಡಾಲರ್ ಆಸುಪಾಸು ತಾನೇ ಎಂದು ಅಲ್ಲಿ ಕೂತು ಅನಿಸುತ್ತದೆ. ಆದರೆ ವಾರಕ್ಕೆ ಮೂರು ದಿನ, ಒಂದೂವರೆ ಗಂಟೆಯಂತೆ ತಿಂಗಳಿಗೆ 18 ಗಂಟೆ ಆಗುತ್ತದೆ. ಅಲ್ಲಿಗೆ 9,000 ರೂಪಾಯಿ, ಅದೂ ಒಂದೇ ವಿಷಯಕ್ಕೆ. ಗುಂಪಿನಲ್ಲೂ ಅದೇ 18 ಗಂಟೆ, ಗಂಟೆಗೆ 111 ರೂಪಾಯಿ ಬೀಳುತ್ತದೆ. ಹೆಚ್ಚುಕಮ್ಮಿ ನಾಲ್ಕೂವರೆ ಪಟ್ಟು ವ್ಯತ್ಯಾಸ.

ಇಲ್ಲಿಗೇ ನಿಲ್ಲಿಸಿದರೆ ಗುಂಪೇ ವಾಸಿ ಅನಿಸುತ್ತದೆ, ಅಲ್ವಾ? ಆದರೆ 15 ಮಕ್ಕಳ ಬ್ಯಾಚಿನಲ್ಲಿ ಮೇಷ್ಟ್ರು ಒಂದು ಗಂಟೆ ಬೋರ್ಡ್ ಮೇಲೆ ಪಾಠ ಮಾಡಿದರೆ ಡೌಟ್‌ಗೆ ಉಳಿಯುವುದು ಅರ್ಧ ಗಂಟೆ. ಒಬ್ಬೊಬ್ಬರಿಗೆ ಎರಡು ನಿಮಿಷ. ಇಲ್ಲೇ ಓದಿದ ಮಗುವಿಗೆ ಅದು ಸಾಕು, ಪಾಠದ ಸರಣಿ ಗೊತ್ತಿರುತ್ತದೆ. ಹೊರಗಿನಿಂದ ಬಂದ ಮಗುವಿಗೆ ಹಿಂದಿನ ಕ್ಲಾಸುಗಳಲ್ಲೇ ಕೆಲವು ಪಾಠ ಬಿಟ್ಟುಹೋಗಿರುತ್ತದೆ. ಬ್ಯಾಚ್ ಅದಕ್ಕಾಗಿ ನಿಲ್ಲುವುದಿಲ್ಲ.

ನಮ್ಮ ಹುಡುಗಿಗೆ ಸಮೀಕರಣ ಚೆನ್ನಾಗಿ ಬರುತ್ತಿತ್ತು. ಸಿಕ್ಕಿಹಾಕಿಕೊಂಡದ್ದು ಎರಡು ಕಡೆ. ಅಲ್ಲಿ ಜ್ಯಾಮಿತಿಯನ್ನು ಬೇರೆಯೇ ವರ್ಷದಲ್ಲಿ ಕಲಿಸುತ್ತಾರೆ, ಆ ವರ್ಷ ಅವಳಿಗೆ ಇನ್ನೂ ಬಂದಿರಲಿಲ್ಲ. ಹಾಗಾಗಿ ಎರಡು ತ್ರಿಭುಜ ಸರ್ವಸಮ ಎಂದು ಹಂತಹಂತವಾಗಿ ಕಾರಣ ಕೊಟ್ಟು ಬರೆಯುವುದು ಅವಳಿಗೆ ಹೊಸದು. ಇನ್ನೊಂದು, ಕ್ಯಾಲ್ಕುಲೇಟರ್ ಅಭ್ಯಾಸ. ಸಿಬಿಎಸ್‌ಇ ಗಣಿತದ ಪರೀಕ್ಷೆಗೆ ಅದನ್ನು ಒಯ್ಯುವಂತಿಲ್ಲ. ವರ್ಗಮೂಲ, ಭಿನ್ನರಾಶಿ ಕೈಯಲ್ಲಿ ಮಾಡುವಷ್ಟರಲ್ಲಿ ಸಮಯ ಮುಗಿಯುತ್ತಿತ್ತು.

ಜೂನ್‌ನಿಂದ ಆಗಸ್ಟ್‌ವರೆಗೆ ಮನೆಪಾಠ ಇಟ್ಟೆವು, 27,000 ಆಯಿತು. ಆಮೇಲೆ ಮಾರ್ಚ್‌ವರೆಗೆ ಏಳು ತಿಂಗಳು ಗುಂಪು, 14,000. ಒಟ್ಟು 41,000. ವರ್ಷಪೂರ್ತಿ ಮನೆಪಾಠವೇ ಆಗಿದ್ದರೆ 90,000, ಬರೀ ಗುಂಪಾಗಿದ್ದರೆ 20,000. ಆ ಹೆಚ್ಚಿನ 21,000 ಸಾರ್ಥಕ ಎಂದೇ ನನ್ನ ಅಭಿಪ್ರಾಯ, ಯಾಕೆಂದರೆ ಮೂರು ತಿಂಗಳಲ್ಲಿ ಏನು ಮುಗಿಯಬೇಕು ಎಂದು ಟೀಚರ್ ಹತ್ತಿರ ಮೊದಲೇ ಬರೆಸಿಕೊಂಡಿದ್ದೆವು. ಹಾಗೆ ಮಾಡದಿದ್ದರೆ ಮನೆಪಾಠ ಸುಮ್ನೆ ಹೋಂವರ್ಕ್ ಮಾಡಿಸುವ ಕೆಲಸ ಆಗಿಬಿಡುತ್ತದೆ. ನೋಟ್ಸ್ ಅಚ್ಚುಕಟ್ಟಾಗಿರುತ್ತದೆ, ಶಾಲೆಯ ಟೆಸ್ಟಿನಲ್ಲಿ ಮಾರ್ಕ್ಸ್ ಏರುವುದಿಲ್ಲ. ಹೋದ ವಾರದ ಒಂದು ಲೆಕ್ಕವನ್ನು ಖಾಲಿ ಹಾಳೆ ಕೊಟ್ಟು ಒಬ್ಬನೇ ಮಾಡಲು ಹೇಳಿ, ಗೊತ್ತಾಗುತ್ತದೆ.

ಅಕ್ಕಪಕ್ಕದಲ್ಲಿ ಅದೇ ಕ್ಲಾಸಿನ ಇನ್ನೊಂದು ಮಗು ಇದ್ದರೆ ಕೇಳಿ ನೋಡಿ. ಇಬ್ಬರಿಗೂ ಸೇರಿ ಗಂಟೆಗೆ 700 ರೂಪಾಯಿಗೆ ಒಪ್ಪುವ ಟೀಚರ್ ಸಿಗುತ್ತಾರೆ. ತಲಾ 350 ಬೀಳುತ್ತದೆ, ಗಮನವೂ ಅಷ್ಟೇನೂ ಕಡಿಮೆ ಆಗುವುದಿಲ್ಲ.

ಕನ್ನಡದ ವಿಷಯ ಬೇರೆ. 2015ರ ಕಾಯ್ದೆಯ ಪ್ರಕಾರ ಕರ್ನಾಟಕದ ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕು. ಹೊರಗಿನಿಂದ ಬಂದ ಮಗುವಿಗೆ ರಿಯಾಯಿತಿ ಇದೆಯಾ ಎಂದು ಶಾಲೆಯಲ್ಲೇ ಕೇಳಿ. ಮನೆಯಲ್ಲಿ ಕನ್ನಡ ಮಾತಾಡುವ ಮಗುವೂ ಒತ್ತಕ್ಷರ ಬರೆಯಲು ಒದ್ದಾಡುತ್ತದೆ. ಹದಿನಾಲ್ಕು ವಯಸ್ಸಿನವರಿಗೆ ಅಕ್ಷರದಿಂದ ಶುರು ಮಾಡುವ ಗುಂಪು ನಮಗೆ ಎಲ್ಲೂ ಸಿಗಲಿಲ್ಲ, ಹಾಗಾಗಿ ಹೋಲಿಸುವ ಪ್ರಶ್ನೆಯೇ ಬರಲಿಲ್ಲ. ನಿವೃತ್ತ ಶಿಕ್ಷಕಿಯೊಬ್ಬರು ಗಂಟೆಗೆ 250ಕ್ಕೆ ಮನೆಗೇ ಬಂದರು. ಇದಕ್ಕೆ ಶಾಲೆ ಶುರುವಾಗುವುದನ್ನು ಕಾಯಬೇಡಿ. ಅಲ್ಲಿಂದಲೇ ವಿಡಿಯೋ ಕರೆಯಲ್ಲಿ ಆರಂಭಿಸಿ.

ದುಡ್ಡು ಕೊಡುವಾಗ ಎರಡು ಮಾತು. ಸೆಂಟರ್‌ಗಳು ಹೇಳುವ ಫೀಸಿನಲ್ಲಿ ಜಿಎಸ್‌ಟಿ ಸೇರಿದೆಯಾ ಎಂದು ಕೇಳಿ. ಕೋಚಿಂಗ್‌ಗೆ ಅದು ಶೇ. 18, ಅಂದರೆ 2,000 ಹೋಗಿ 2,360 ಆಗುತ್ತದೆ. ವರ್ಷಕ್ಕೆ 20 ಲಕ್ಷದೊಳಗೆ ದುಡಿಯುವ ಟೀಚರ್‌ಗೆ ನೋಂದಣಿ ಬೇಕಿಲ್ಲ, ಆದ್ದರಿಂದ ಮನೆಪಾಠಕ್ಕೆ ಸಾಮಾನ್ಯವಾಗಿ ಅದು ಬೀಳುವುದಿಲ್ಲ. ಇನ್ನು, ಗುಂಪಿಗೆ ಇಡೀ ವರ್ಷದ ಹಣ ಮುಂಗಡ ಕಟ್ಟಬೇಡಿ, ಮಗುವಿಗೆ ಬ್ಯಾಚ್ ಹೊಂದದಿದ್ದರೆ ಅದು ವಾಪಸ್ ಬರುವುದು ಕಷ್ಟ. ಮನೆಪಾಠಕ್ಕೆ ಒಂದು ಪುಸ್ತಕದಲ್ಲಿ ದಿನ, ಬಂದ ಸಮಯ, ಹೋದ ಸಮಯ ಬರೆದಿಟ್ಟು ತಿಂಗಳ ಕೊನೆಗೆ ಇಬ್ಬರೂ ನೋಡಿ ಲೆಕ್ಕ ಚುಕ್ತಾ ಮಾಡಿ.